ನಿದ್ದೆ ಇಂಜೆಕ್ಷನ್ ಆದಮೇಲೆ ಕಾರು, ಕರಾರು, ಪೆಗ್ಗು

"ನಾಳೆ 10 ಗಂಟೆಗೆ ಶಿವಮೊಗ್ಗದಲ್ಲಿ ಕೊಲೊನೋಸ್ಕೋಪಿ. ನಿದ್ದೆ ಇಂಜೆಕ್ಷನ್ ಕೊಡ್ತಾರಂತೆ. ಮಧ್ಯಾಹ್ನ ನಾನೇ ಕಾರು ಓಡಿಸಿಕೊಂಡು ತೀರ್ಥಹಳ್ಳಿಗೆ ಬರಬಹುದಾ? ಸಂಜೆ ತೋಟದ ಕರಾರಿಗೆ ಸಹಿ ಹಾಕೋದಿದೆ."

ಎರಡೂ ಬೇಡ ಸಾರ್. ನಾಡಿದ್ದು ಬೆಳಿಗ್ಗೆ 11ರ ಮೇಲೆ ಇಟ್ಟುಕೊಳ್ಳಿ.

ಸಾಮಾನ್ಯವಾಗಿ ಕೊಡುವುದು ಮಿಡಜೋಲಾಮ್. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡು–ಮೂರು ಗಂಟೆ ಬೇಕು. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಅಂದರೆ ಮಧ್ಯಾಹ್ನ 1ಕ್ಕೆ ನೀವು ಕಾಫಿ ಕುಡಿದು ಚೆನ್ನಾಗಿ ಮಾತಾಡುತ್ತಿದ್ದರೂ ಅರ್ಧ ಔಷಧಿ ಒಳಗೇ ಇರಬಹುದು. ಮಂಡಗದ್ದೆಯ ತಿರುವಿನಲ್ಲಿ ಎದುರಿಗೆ ಬಸ್ ಬಂದರೆ ಕಾಲು ಬ್ರೇಕಿಗೆ ಹೋಗುವುದು ತಡವಾಗುತ್ತದೆ. ಆ ತಡ ನಿಮಗೆ ಗೊತ್ತೇ ಆಗುವುದಿಲ್ಲ, ಅದೇ ತೊಂದರೆ.

ಸಹಿಯ ವಿಷಯ ಇನ್ನೂ ವಿಚಿತ್ರ. ಈ ಔಷಧಿ ಹೊಸ ನೆನಪು ಕೂರಲು ಬಿಡುವುದಿಲ್ಲ. ಡಾಕ್ಟರು ರಿಪೋರ್ಟ್ ವಿವರಿಸುತ್ತಾರೆ, ರೋಗಿ ತಲೆಯಾಡಿಸುತ್ತಾರೆ, ಸಂಜೆ "ಡಾಕ್ಟರು ಏನೂ ಹೇಳಲೇ ಇಲ್ಲ" ಅನ್ನುತ್ತಾರೆ! ಕರಾರಿನ ಷರತ್ತೂ ಹಾಗೇ ಆದರೆ?

ರಾತ್ರಿ ಪೆಗ್ಗೂ ಬೇಡ. ಮದ್ಯವೂ ಈ ಔಷಧಿಯೂ ಸೇರಿದರೆ ನಿದ್ದೆ ಆಳವಾಗಿ ಉಸಿರಾಟ ಕುಗ್ಗಬಹುದು. ಆ ರಾತ್ರಿ ಮನೆಯಲ್ಲಿ ಯಾರಾದರೂ ಜೊತೆಗಿರಲಿ. ಅಲುಗಾಡಿಸಿದರೂ ಏಳದಿದ್ದರೆ, ಗೊರಕೆ ನಡುವೆ ಉಸಿರು ನಿಲ್ಲುತ್ತಿದ್ದರೆ, ಅವರು ಕೂಡಲೇ 108ಕ್ಕೆ ಫೋನ್ ಮಾಡಬೇಕು.