‘ಸಾರ್ವಜನಿಕ ಹಿತ’ ಅಂದರೆ ಸಾಕಾ?

“ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಕಟ್ಟಿದೆ. ಹೊಸ ಘಟಕಗಳಿಗೆ 5 ವರ್ಷ ಕರೆಂಟ್ ತೆರಿಗೆ ಇಲ್ಲ ಎಂಬ ಆದೇಶ ನಂಬಿ ಸಾಲ ಮಾಡಿದೆ. 2 ವರ್ಷಕ್ಕೇ ವಿನಾಯಿತಿ ತೆಗೆದರು. ಕೇಳಿದರೆ ‘ಸಾರ್ವಜನಿಕ ಹಿತ’ ಅಂತಾರೆ. ಸರ್ಕಾರ ಹೀಗೆ ಮಾತು ತಪ್ಪಬಹುದಾ?”
— ಓದುಗರು, ಹಾವೇರಿ ಜಿಲ್ಲೆ

ಕೆಲವೊಮ್ಮೆ ತಪ್ಪಬಹುದು. ಆದರೆ ಆ ಎರಡು ಪದ ಹೇಳಿ ಸುಮ್ನೆ ಕೈತೊಳೆದುಕೊಳ್ಳುವ ಹಾಗಿಲ್ಲ. ಕೊಟ್ಟ ಮಾತನ್ನು ನಂಬಿ ಒಬ್ಬರು ದುಡ್ಡು ಹಾಕಿದ ಮೇಲೆ ಮಾತು ಕೊಟ್ಟವರು ಸುಮ್ನೆ ಹಿಂದೆ ಸರಿಯುವ ಹಾಗಿಲ್ಲ ಎಂಬ ಈ ತತ್ವಕ್ಕೆ ಕೋರ್ಟಿನಲ್ಲಿ ಪ್ರಾಮಿಸರಿ ಎಸ್ಟಾಪೆಲ್ ಅಂತಾರೆ.

ನಿಮ್ಮಂಥದ್ದೇ ಒಂದು ಕೇಸು ಮೋತಿಲಾಲ್ ಪದಂಪತ್ ಸಕ್ಕರೆ ಕಂಪನಿಯದು. 1968ರಲ್ಲಿ ಉತ್ತರ ಪ್ರದೇಶ ಸರ್ಕಾರ ಹೊಸ ಕಾರ್ಖಾನೆಗಳಿಗೆ 3 ವರ್ಷ ಮಾರಾಟ ತೆರಿಗೆ ಇಲ್ಲ ಎಂದಿತು. ಕಂಪನಿ ಪತ್ರ ಬರೆದು ಕೇಳಿತು, 1969ರ ಜನವರಿಯಲ್ಲಿ ಮುಖ್ಯ ಕಾರ್ಯದರ್ಶಿಯಿಂದಲೇ ಒಪ್ಪಿಗೆ ಬಂತು. ಅದನ್ನು ನಂಬಿ ಸಾಲ ತಂದು ಕಾನ್ಪುರದಲ್ಲಿ ವನಸ್ಪತಿ ಕಾರ್ಖಾನೆ ಎಬ್ಬಿಸಿದರು. ಸರ್ಕಾರ ಮೊದಲು ರಿಯಾಯಿತಿ ಕಡಿಮೆ ಮಾಡಿತು, ಆಮೇಲೆ ಪೂರ್ತಿ ತೆಗೆಯಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾರ್ವಜನಿಕ ಹಿತ ಅಡ್ಡ ಬಂತು ಎನ್ನುವುದಾದರೆ ಏನು ಬದಲಾಯಿತು ಎಂಬುದನ್ನು ಸರ್ಕಾರ ಕೋರ್ಟಿನ ಮುಂದೆ ಇಡಬೇಕು. ಯಾವುದು ಹೆಚ್ಚು ತೂಗುತ್ತದೆ ಎಂದು ತೀರ್ಮಾನಿಸುವುದು ಕೋರ್ಟು, ಸರ್ಕಾರವಲ್ಲ. 1978ರ ಕೊನೆಗೆ ಬಂದ ಈ ತೀರ್ಪೇ ನಿಮ್ಮ ದೊಡ್ಡ ಬಲ.

ಇನ್ನೊಂದು ಮಗ್ಗುಲೂ ಇದೆ. ಪಿವಿಸಿ ರೆಸಿನ್ ಆಮದಿಗೆ 1981ರ ಮಾರ್ಚ್‌ವರೆಗೆ ಕಸ್ಟಮ್ಸ್ ಸುಂಕ ವಿನಾಯಿತಿ ಇತ್ತು. ಕೇಂದ್ರ ಅದನ್ನು 1980ರ ಅಕ್ಟೋಬರ್‌ನಲ್ಲೇ ತೆಗೆಯಿತು. ಕಸಿಂಕಾ ಟ್ರೇಡಿಂಗ್ ಎಂಬ ಕೇಸಿನಲ್ಲಿ ಆಮದುದಾರರು ಸೋತರು. ವಿದೇಶಿ ಮಾಲಿನ ಬೆಲೆ ಇಳಿದಿತ್ತು, ವಿನಾಯಿತಿ ಕೊಟ್ಟ ಕಾರಣವೇ ಹೋಗಿತ್ತು. ಅದು ಕಾರ್ಖಾನೆ ಕಟ್ಟಿ ಎಂದು ಕರೆದು ಕೊಟ್ಟ ಮಾತೂ ಆಗಿರಲಿಲ್ಲ. ನಿಮ್ಮದು ಅಂಥ ಕರೆ, ಅಲ್ವಾ? ನನಗೆ ದೊಡ್ಡ ವ್ಯತ್ಯಾಸ ಇಲ್ಲೇ ಕಾಣುತ್ತದೆ.

ಹಾಗಂತ ಗೆದ್ದೇ ಬಿಟ್ಟಿರಿ ಎಂದುಕೊಳ್ಳಬೇಡಿ. ವಿನಾಯಿತಿ ಹೋಗಿದ್ದು ಶಾಸನಸಭೆಯ ಕಾಯ್ದೆಯಿಂದಾದರೆ ಎಸ್ಟಾಪೆಲ್ ನಡೆಯುವುದಿಲ್ಲ. ಅಧಿಕಾರವೇ ಇಲ್ಲದ ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದೂ ನಿಲ್ಲುವುದಿಲ್ಲ. ಮೂಲ ಆದೇಶದ ಕೊನೆಯ ಸಾಲುಗಳನ್ನು ಒಮ್ಮೆ ಓದಿ. ‘ಯಾವಾಗ ಬೇಕಾದರೂ ಬದಲಿಸಬಹುದು’ ಎಂದಿದ್ದರೆ ಸರ್ಕಾರದ ವಕೀಲರು ಅದನ್ನೇ ಹಿಡಿಯುತ್ತಾರೆ.

ಜಾಸ್ತಿ ಜನ ಎಡವುವುದು ತಾರೀಖಿನಲ್ಲಿ. ಆದೇಶ ಬಂದ ದಿನ, ಸಾಲ ಮಂಜೂರಾದ ದಿನ, ಕೂಲಿಂಗ್ ಮಷೀನಿಗೆ ಅಡ್ವಾನ್ಸ್ ಕೊಟ್ಟ ದಿನ ಒಂದೇ ಹಾಳೆಯಲ್ಲಿ ಬರೆಯಿರಿ. ಅಡ್ವಾನ್ಸ್ ರಸೀದಿ ಆದೇಶಕ್ಕಿಂತ ಹಿಂದಿನದಾದರೆ, ಆದೇಶ ನಂಬಿ ದುಡ್ಡು ಹಾಕಿದೆ ಎಂಬ ಮಾತು ನಿಲ್ಲುವುದು ಕಷ್ಟ. ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ವಿನಾಯಿತಿ ಲೆಕ್ಕಕ್ಕೆ ಬಂದಿದ್ದರೆ ಅದು ಒಳ್ಳೆಯ ಸಾಕ್ಷಿ.

ವಿನಾಯಿತಿ ತೆಗೆದ ಕಡತದ ಟಿಪ್ಪಣಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅಲ್ಲಿ ಬೊಕ್ಕಸಕ್ಕೆ ಹೊರೆ ಎಂದಷ್ಟೇ ಇದೆಯೋ, ಅಂಕಿ-ಅಂಶ ಇದೆಯೋ ನೋಡಿ. ಆ ಪ್ರತಿ ಹಿಡಿದು ರಿಟ್ ಅರ್ಜಿಗಾಗಿ ಧಾರವಾಡದ ಹೈಕೋರ್ಟ್ ಪೀಠದ ವಕೀಲರನ್ನು ಕಾಣಿರಿ. ತಡ ಮಾಡಬೇಡಿ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಅಲ್ಲಿ ಖಂಡಿತ ಕೇಳುತ್ತಾರೆ.
— ಸಂಪಾದಕ