ನೋಟಿಸ್ ಬಂತು ಅಂತ ತಂಗಿಯ ಬಾಡಿಗೆಯನ್ನೂ ನಿಮ್ಮದು ಅನ್ನಬೇಡಿ

"ನಾನು, ತಂಗಿ ಅರ್ಧರ್ಧ ಹಾಕಿ ತಗೊಂಡ ಫ್ಲಾಟ್. ಬಾಡಿಗೆ ನನ್ನ ಖಾತೆಗೆ ಬರುತ್ತೆ. ಆದಾಯ ತೆರಿಗೆ ಇಲಾಖೆಯ ನೋಟಿಸಿನಲ್ಲಿ ಪೂರ್ತಿ ನನ್ನ ಆದಾಯ ಅಂತ ತೋರಿಸಿದ್ದಾರೆ. ಸುಮ್ನೆ ಒಪ್ಕೊಂಡು ತೆರಿಗೆ ಕಟ್ಟಿ, ತಂಗಿ ಹತ್ರ ಅರ್ಧ ಇಸ್ಕೊಂಡ್ರೆ ಆಗುತ್ತಲ್ವಾ?"

ಆಗಲ್ಲ. ನಾನು ಹಾಗೇ ಒಪ್ಪಿ 21 ಸಾವಿರ ಕಳೆದುಕೊಂಡೆ.

ಹಾಸನದ ಫ್ಲಾಟ್, ನನಗೂ ಅಕ್ಕನಿಗೂ ಸೇರಿದ್ದು. ಕ್ರಯಪತ್ರದಲ್ಲಿ ಅರ್ಧರ್ಧ ಎಂದೇ ಇದೆ. ಅಕ್ಕ ಇರುವುದು ಚಿಕ್ಕಮಗಳೂರಿನಲ್ಲಿ. ಒಂದು ಸಹಿಗಾಗಿ ಅವಳನ್ನು ಯಾಕೆ ಓಡಾಡಿಸುವುದು ಎಂದು ಬಾಡಿಗೆ ಕರಾರು ನನ್ನೊಬ್ಬನ ಹೆಸರಲ್ಲೇ ಮಾಡಿಸಿದೆ. ಬಾಡಿಗೆಗೆ ಬಂದದ್ದು ಒಂದು ಕಂಪನಿ, ತಿಂಗಳಿಗೆ 24,000. ಅರ್ಧ ಅಕ್ಕನಿಗೆ ಕಳಿಸುತ್ತಿದ್ದೆ.

2022-23ರಲ್ಲಿ ಬಾಡಿಗೆ 2,88,000 ಆಯಿತು. ಆಗ ವರ್ಷಕ್ಕೆ 2,40,000 ದಾಟಿದರೆ ಕಂಪನಿಯವರು ಟಿಡಿಎಸ್ ಹಿಡಿಯಬೇಕಿತ್ತು. ಶೇ 10ರಂತೆ 28,800 ಹಿಡಿದು ನನ್ನ ಪ್ಯಾನ್‌ಗೆ ಹಾಕಿದರು. (ಕರಾರಿನಲ್ಲಿ ಇಬ್ಬರ ಪಾಲೂ ಬರೆಸಿ, ಬಾಡಿಗೆ ಬೇರೆ ಬೇರೆ ತಗೊಂಡಿದ್ದರೆ ಮಿತಿ ತಲೆಗೊಂದು. ಆಗ ಟಿಡಿಎಸ್ಸೇ ಇರುತ್ತಿರಲಿಲ್ಲ. ಇದು ಗೊತ್ತಾದದ್ದು ಆಮೇಲೆ!)

ರಿಟರ್ನ್‌ನಲ್ಲಿ ನನ್ನ ಪಾಲಿನ 1,44,000 ಮಾತ್ರ ತೋರಿಸಿದೆ. ಅದು ಸರಿಯೇ. ಆದರೆ ಟಿಡಿಎಸ್ ಮಾತ್ರ ಪೂರ್ತಿ 28,800 ನನ್ನದೇ ಎಂದು ತಗೊಂಡೆ. ಅಲ್ಲೇ ಎಡವಿದ್ದು. ಇಷ್ಟು ಟಿಡಿಎಸ್ ಕೇಳುತ್ತೀಯ, ಅದಕ್ಕೆ ತಕ್ಕ ಬಾಡಿಗೆ ಎಲ್ಲಿ ಎಂದು ಕೇಳದೆ ಬಿಡುತ್ತಾರಾ? ಅರ್ಧ ಬಾಡಿಗೆ ತೋರಿಸಿದವನು ಟಿಡಿಎಸ್ಸೂ ಅರ್ಧವೇ, 14,400 ಮಾತ್ರ ತಗೋಬೇಕಿತ್ತು. ಉಳಿದರ್ಧವನ್ನು ಅದೇ ಫಾರಂನಲ್ಲಿ ಅಕ್ಕನ ಪ್ಯಾನ್ ಹಾಕಿ ಅವಳಿಗೆ ಬಿಟ್ಟುಕೊಡಬೇಕಿತ್ತು.

ನವೆಂಬರ್‌ನಲ್ಲಿ, ರಿಟರ್ನ್‌ನಲ್ಲಿ ದೋಷವಿದೆ ಎನ್ನುವ 139(9) ನೋಟಿಸ್ ಬಂತು. 15 ದಿನದ ಗಡುವು. ಗಾಬರಿಯಲ್ಲಿ Agree ಒತ್ತಿ, ಪೂರ್ತಿ ಬಾಡಿಗೆ ನನ್ನದೆಂದು ಹೊಸ ರಿಟರ್ನ್ ಹಾಕಿದೆ. ಬಾಡಿಗೆ ಆದಾಯಕ್ಕೆ ಸಿಗುವ ಶೇ 30 ಕಡಿತ ಕಳೆದ ಮೇಲೂ 1,00,800 ಆದಾಯ ಜಾಸ್ತಿ. ನನ್ನದು ಶೇ 20ರ ಸ್ಲ್ಯಾಬ್, ಸೆಸ್ ಸೇರಿ ಹತ್ತಿರ ಹತ್ತಿರ 21 ಸಾವಿರ. ಫೆಬ್ರವರಿಯಲ್ಲಿ ವಿಷಯ ಹೇಳಿದಾಗ ಅಕ್ಕ, "ನನ್ನ ಪಾಲಿಗೆ ನಾನು ಜುಲೈನಲ್ಲೇ ತೆರಿಗೆ ಕಟ್ಟಿದ್ದೀನಲ್ಲೋ" ಅಂದಳು. ರಿಟರ್ನ್ ತಿದ್ದಲು ಇದ್ದ ಡಿಸೆಂಬರ್ 31 ಕಳೆದುಹೋಗಿತ್ತು.

ದುಡ್ಡು ಯಾರ ಖಾತೆಗೆ ಬಂತು ಎನ್ನುವುದನ್ನೇ ನೀವು ಹಿಡಿದುಕೊಂಡಿದ್ದೀರಿ. ಕಾಯ್ದೆ ಕೇಳುವುದು ಮನೆ ಯಾರದು, ಪಾಲೆಷ್ಟು ಅಂತ. 1961ರ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಪಾಲು ಖಚಿತವಾಗಿದ್ದರೆ ಅವರವರ ಪಾಲಿಗೆ ಅವರವರೇ ತೆರಿಗೆ ಕಟ್ಟಬೇಕು. ನಿಮ್ಮ ಸ್ಲ್ಯಾಬ್‌ನಲ್ಲಿ ಕಟ್ಟಿ ತಂಗಿ ಹತ್ರ ಅರ್ಧ ಇಸ್ಕೊಂಡರೆ ಅವಳ ಲೆಕ್ಕ ಸರಿಯಾಗಲ್ಲ.

ಮೊದಲು ಕ್ರಯಪತ್ರ ತೆಗೆದು ನೋಡಿ. ಪಾಲು ಬರೆದಿಲ್ಲದಿದ್ದರೆ ಯಾರು ಎಷ್ಟು ಹಣ ಕೊಟ್ಟಿರಿ ಎಂಬ ಬ್ಯಾಂಕ್ ದಾಖಲೆ ಹುಡುಕಿ. ಟಿಡಿಎಸ್ ಪೂರ್ತಿ ತಗೊಂಡಿದ್ದರೆ ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ತಂಗಿಯ ಪ್ಯಾನ್‌ಗೆ ಬಿಡಿ. ಆಮೇಲೆ ಕ್ರಯಪತ್ರ, ತಂಗಿಗೆ ದುಡ್ಡು ಕಳಿಸಿದ ಸ್ಟೇಟ್‌ಮೆಂಟ್, ಅವಳ ರಿಟರ್ನ್ ಲಗತ್ತಿಸಿ ಗಡುವಿನೊಳಗೆ ಉತ್ತರ ಕೊಡಿ. ಅವಳು ತನ್ನ ಪಾಲು ತೋರಿಸೇ ಇಲ್ಲ ಅಂದ್ರೆ, ನಿಮ್ಮ ಉತ್ತರಕ್ಕಿಂತ ಮುಂಚೆ ಅದನ್ನು ಸರಿಮಾಡಿಸಿ.

ನಮ್ಮ ಕರಾರು ಈಗ ಇಬ್ಬರ ಹೆಸರಲ್ಲಿದೆ. ಸಹಿ ಹಾಕಲು ಅಕ್ಕ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ವಾಪಸ್ ಹೋದಳು.