ಕಡಿಮೆ ಬಂದ ಹಣವನ್ನು ಯಾವ ಬಿಲ್ಲಿಗೆ ಜಮಾ ಮಾಡಬೇಕು?

ಪ್ರಶ್ನೆ: ಗ್ರಾಹಕರು ಬಿಲ್ಲಿನ ಮೊತ್ತಕ್ಕಿಂತ ಕಡಿಮೆ ಹಾಕುತ್ತಾರೆ, ಕೆಲವರು ಕಂತಿನಲ್ಲಿ ಕೊಡುತ್ತಾರೆ. ಬಂದದ್ದನ್ನು ಹಳೆಯ ಬಿಲ್ಲುಗಳಿಂದ ಮುರಿದುಕೊಳ್ಳುತ್ತಾ ಬಂದರೆ ಸಾಲದೇ? ಒಟ್ಟು ಬಾಕಿ ಸರಿಯಾಗಿದ್ದರೆ ಆಯಿತಲ್ಲವೇ?

ಸಾಲದು. ಒಟ್ಟು ಬಾಕಿ ಸರಿಯಾಗಿದೆ ಎಂಬ ನೆಮ್ಮದಿಯೇ ನನ್ನ ಕೈಯಿಂದ 73,160 ರೂಪಾಯಿ ಬಿಡಿಸಿತು.

ಪೀಣ್ಯದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ವರ್ಕ್‌ಶಾಪ್. 2022ರಲ್ಲಿ ಒಂದು ಕಾರ್ಖಾನೆ ಪ್ರತಿ ತಿಂಗಳೂ ಕೆಲಸ ಕೊಡುತ್ತಿತ್ತು. ಹಣ ಬ್ಯಾಂಕಿಗೆ ಬರುತ್ತಿತ್ತು, ಯಾವ ಬಿಲ್ಲಿಗೆ ಎಷ್ಟು ಎಂಬ ಪೇಮೆಂಟ್ ಅಡ್ವೈಸ್ ಇಮೇಲ್‌ಗೆ ಬರುತ್ತಿತ್ತು. ನಾನು ಅಡ್ವೈಸ್ ತೆರೆಯುತ್ತಲೇ ಇರಲಿಲ್ಲ. ಬಂದ ಹಣವನ್ನು ಹಳೆಯ ಬಿಲ್ಲಿನಿಂದ ಮುರಿದುಕೊಂಡು ಬರುತ್ತಿದ್ದೆ.

ಆ ಜುಲೈ, ಆಗಸ್ಟ್‌ನ ಮೂರು ಬಿಲ್ಲುಗಳಲ್ಲಿ ಅವರು ಹಣ ಹಿಡಿದಿದ್ದರು. ರಿವೈಂಡ್ ಮಾಡಿದ ಮೋಟಾರುಗಳು ಮತ್ತೆ ಸುಟ್ಟವು ಎಂಬುದು ಕಾರಣ. ಮುಂದಿನ ತಿಂಗಳ ಬಿಲ್ಲಿಗೆಂದು ಅವರು ಕಳುಹಿಸಿದ ಹಣದಲ್ಲಿ ನಾನು ಆ ಕೊರತೆಯನ್ನು ತುಂಬಿಕೊಂಡೆ. ಹಳೆಯ ಬಿಲ್ಲು ಮುಗಿಯಿತು, ಕೊರತೆ ಹೊಸ ಬಿಲ್ಲಿನ ಮೇಲೆ ಕುಳಿತಿತು. ಅದರ ಮುಂದಿನ ತಿಂಗಳು ಇನ್ನೂ ಹೊಸದರ ಮೇಲೆ. ಹೀಗೆ ಒಂದೂವರೆ ವರ್ಷ ಆ ಬಾಕಿ ತಿಂಗಳಿಂದ ತಿಂಗಳಿಗೆ ದಾಟುತ್ತಲೇ ಹೋಯಿತು. ಪಟ್ಟಿ ತೆಗೆದಾಗಲೆಲ್ಲ ಅದು ಮೂವತ್ತು ದಿನದ ಬಾಕಿಯಾಗಿಯೇ ಕಾಣುತ್ತಿತ್ತು. ಅವಧಿ ಮೀರದ ಬಾಕಿಗೆ ಯಾರು ಫೋನ್ ಮಾಡುತ್ತಾರೆ?

2024ರ ಜನವರಿಯಲ್ಲಿ ಅವರ ಲೆಡ್ಜರ್ ತರಿಸಿ ನೋಡಿದೆ. ಹೊಸ ಬಿಲ್ಲುಗಳೆಲ್ಲ ಪೂರ್ತಿ ಪಾವತಿಯಾಗಿದ್ದವು. ಆ ಮೂರು ಬಿಲ್ಲುಗಳ ಎದುರು ಮಾತ್ರ ಡೆಬಿಟ್ ನೋಟ್. ನನಗೆ ಅತ್ಯಂತ ನೋವಾದದ್ದು ಮುಂದಿನ ವಿಷಯಕ್ಕೆ. ಸ್ಟಾರ್ ಕನೆಕ್ಷನ್‌ನ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿ ಕರಕಲಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ, ಅದು ಸಪ್ಲೈಯಲ್ಲಿ ಒಂದು ಫೇಸ್ ಹೋಗಿ ಸುಟ್ಟದ್ದು, ವೈಂಡಿಂಗ್ ತಪ್ಪಲ್ಲ. ವಾಪಸ್ ಬಂದಿದ್ದ ಮೋಟಾರುಗಳಲ್ಲಿ ನಾನೇ ಅದನ್ನು ಕಣ್ಣಾರೆ ಕಂಡಿದ್ದೆ. ಆದರೆ ಬಿಲ್ಲು ಮುಗಿದಿದೆ ಎಂದುಕೊಂಡು ಸುಟ್ಟ ತಾಮ್ರವನ್ನು ಗುಜರಿಗೆ ಹಾಕಿಯಾಗಿತ್ತು. ತೋರಿಸಲು ಏನೂ ಉಳಿದಿರಲಿಲ್ಲ.

ಹೀಗೆ ಕೈಬಿಟ್ಟ 73,160ರಲ್ಲಿ 11,160 ರೂಪಾಯಿ ಜಿಎಸ್‌ಟಿ, ನಾನು ಆಗಲೇ ಕಟ್ಟಿದ್ದೆ. ಬೆಲೆ ಇಳಿಸಿ ಕ್ರೆಡಿಟ್ ನೋಟ್ ಕೊಟ್ಟು ಆ ತೆರಿಗೆ ಇಳಿಸಿಕೊಳ್ಳಲು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಮಾತ್ರ ಅವಕಾಶ. 2022-23ರ ಬಿಲ್ಲುಗಳಿಗೆ ಆ ದಿನ 2023ರಲ್ಲೇ ದಾಟಿತ್ತು.

ಹಳೆಯದಕ್ಕೆ ಮೊದಲು ಎಂಬುದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 59ನೇ ಕಲಂ ಪ್ರಕಾರ, ಕೊಡುವವನು ಇಂಥ ಬಾಕಿಗೆ ಎಂದು ಹೇಳಿ ಕೊಟ್ಟ ಹಣವನ್ನು ತೆಗೆದುಕೊಂಡರೆ ಅದಕ್ಕೇ ಜಮಾ ಮಾಡಬೇಕು. ಅವನು ಏನೂ ಹೇಳದಿದ್ದಾಗ, ಸಂದರ್ಭದಿಂದಲೂ ತಿಳಿಯದಿದ್ದಾಗ ಮಾತ್ರ ಆಯ್ಕೆ ನಿಮ್ಮದು.

ಈಗ ನಾನು ಮಾಡುವುದನ್ನು ಒಂದು ಬಿಲ್ಲಿನಲ್ಲೇ ಹೇಳುತ್ತೇನೆ. ಕೂಲಿ 1,00,000, ಜಿಎಸ್‌ಟಿ 18,000, ಒಟ್ಟು 1,18,000. ಬಂದದ್ದು 1,12,280. ಕೊರತೆ 5,720. ಇದನ್ನು ಒಂದೇ ಅಂಕಿಯಾಗಿ ನೋಡಬೇಡಿ. ಅದರಲ್ಲಿ 1,000 ರೂಪಾಯಿ ಟಿಡಿಎಸ್, ಕೂಲಿಯ ಮೇಲೆ ಶೇಕಡಾ 1. ಅದು ಗ್ರಾಹಕರ ಬಾಕಿಯಲ್ಲ, ಸರ್ಕಾರದ ಬಳಿ ಇರುವ ನನ್ನ ಹಣ. ಟಿಡಿಎಸ್ ಖಾತೆಗೆ ಹಾಕಿ ಬಿಲ್ಲಿನಿಂದ ತೆಗೆಯುತ್ತೇನೆ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನನ್ನ ಹೆಸರಿಗೆ ಬಂದಿದೆಯೇ ಎಂದು ಆಮೇಲೆ ನೋಡುತ್ತೇನೆ. ಉಳಿದ 4,720 ಅದೇ ಬಿಲ್ಲಿನ ನಂಬರಿನಲ್ಲಿ, ಅದೇ ಹಳೆಯ ತಾರೀಖಿನಲ್ಲಿ ತೆರೆದಿರುತ್ತದೆ. ಟ್ಯಾಲಿಯಲ್ಲಾದರೆ ಬಂದ ಹಣಕ್ಕೆ `Agst Ref` ಕೊಟ್ಟು ಆ ಬಿಲ್ಲನ್ನೇ ಆರಿಸುತ್ತೇನೆ. `On Account` ಗೆ ಹಾಕಿದರೆ ಹಣ ಯಾವ ಬಿಲ್ಲಿಗೂ ಅಂಟುವುದಿಲ್ಲ. ಉಳಿದದ್ದಕ್ಕೆ `New Ref` ಮಾಡಿದರೆ ಹಳೆಯ ಬಾಕಿಗೆ ಹೊಸ ಹೆಸರು ಬಂದು, ಯಾವ ಬಿಲ್ಲಿನದೆಂಬ ಗುರುತು ಅಳಿಸುತ್ತದೆ. ಕಂತಿನಲ್ಲಿ ಕೊಡುವವರಿಗೂ ಇದೇ ಕ್ರಮ: ಎಷ್ಟು ಕಂತು ಬಂದರೂ ನಂಬರ್ ಒಂದೇ, ತಾರೀಖು ಒಂದೇ.

ಚಿಲ್ಲರೆಯನ್ನು ರಿಯಾಯಿತಿ ಎಂದು ತೆಗೆಯುವುದನ್ನು ನಾನು ಪೈಸೆ ಹೊಂದಾಣಿಕೆಗೆ ಮಾತ್ರ ಒಪ್ಪುತ್ತೇನೆ. ಯಾರೂ ಕೇಳದೆ ಬಿಟ್ಟುಕೊಟ್ಟ ಐನೂರು ಮುಂದಿನ ಬಾರಿ ಐದು ಸಾವಿರವಾಗಿ ಬರುವುದನ್ನು ನೋಡಿದ್ದೇನೆ.

ಆ 4,720ಕ್ಕೆ ಹಣ ಬಂದ ವಾರದಲ್ಲೇ ಬಿಲ್ ನಂಬರ್ ಹಾಕಿ ಕಾರಣ ಕೇಳಿ ಬರೆಯುತ್ತೇನೆ. ತಪ್ಪು ನನ್ನದಾದರೆ 4,000ಕ್ಕೆ, ಅದರ ತೆರಿಗೆ 720ಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಮುಗಿಸುತ್ತೇನೆ. ಅಲ್ಲವಾದರೆ ಬಿಲ್ಲು ತೆರೆದೇ ಇರುತ್ತದೆ, ಸುಟ್ಟ ಸುರುಳಿಯೂ ಬಿಲ್ ನಂಬರಿನ ಚೀಟಿ ಕಟ್ಟಿಸಿಕೊಂಡು ಕಪಾಟಿನಲ್ಲಿ ಇರುತ್ತದೆ.